ಇಸುಬಿನ ಚರ್ಮಕ್ಕೆ ತೆಳು ಲೋಷನ್ನಿಗಿಂತ ಗಟ್ಟಿ ಮುಲಾಮು ಯಾಕೆ?

ನನ್ನ ಮಗಳಿಗೆ ನಾಲ್ಕು ವರ್ಷ. ಮೊಣಕೈ ಒಳಮಡಿಕೆಯಲ್ಲಿ, ಮೊಣಕಾಲಿನ ಹಿಂದೆ ಇಸುಬು, ಅಂದರೆ ಎಕ್ಸಿಮಾ. ಮೈಯ ಉಳಿದ ಚರ್ಮವೂ ಒರಟು. ಮೊದಲ ಚಳಿಗಾಲದಲ್ಲಿ ಘಮಘಮ ಅನ್ನುವ ಮಕ್ಕಳ ಲೋಷನ್ ತಂದು ದಿನಕ್ಕೆ ಮೂರು ಸಲ ಹಚ್ಚಿದೆ. ಹಚ್ಚಿದಾಗೆಲ್ಲ "ಉರಿ ಉರಿ" ಎಂದು ಕೈ ಎಳೆದುಕೊಳ್ಳುತ್ತಿದ್ದಳು. ಅರ್ಧ ಗಂಟೆಗೆ ಚರ್ಮ ಮತ್ತೆ ಬಿಳಿಬಿಳಿ. ತಪ್ಪು ಎಲ್ಲಿತ್ತು ಅಂತ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಿರುವುದು ಅದರ ಸಣ್ಣ ರಂಧ್ರಗಳಿಂದ ನೀರು ಒಸರಿ ಆರುವುದರಿಂದ. ಇಸುಬಿನ ಚರ್ಮವೂ ಹಾಗೇ ಒಸರುತ್ತದೆ. ಚರ್ಮದ ಮೇಲ್ಪದರದ ಜೀವಕೋಶಗಳ ನಡುವೆ ಇರಬೇಕಾದ ಕೊಬ್ಬು ಇಲ್ಲಿ ಕಡಿಮೆ. ಹಲವರಲ್ಲಿ ಆ ಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನೂ ಹುಟ್ಟಿನಿಂದಲೇ ಕೊರತೆ. ಒಳಗಿನ ನೀರು ಸುಮ್ನೆ ಆರಿಹೋಗುತ್ತದೆ, ಹೊರಗಿನ ಸೋಪು, ಧೂಳು, ಸುಗಂಧ ಒಳಗೆ ಇಳಿಯುತ್ತವೆ. ಆಗ ತುರಿಕೆ. ತುರಿಸಿದಷ್ಟೂ ಪದರ ಇನ್ನಷ್ಟು ಹರಿಯುತ್ತದೆ.

ಈಗ ಲೋಷನ್ ವಿಷಯ. ಅದರಲ್ಲಿ ಹೆಚ್ಚಿನ ಭಾಗ ನೀರೇ. ಒಂದು ಚಮಚ ಲೋಷನ್ನನ್ನು ಸ್ಟೀಲ್ ತಟ್ಟೆಯ ಮೇಲೆ ತೆಳ್ಳಗೆ ಸವರಿ ಫ್ಯಾನಿನ ಕೆಳಗಿಡಿ. ಪಕ್ಕದಲ್ಲೇ ಪೆಟ್ರೋಲಿಯಂ ಜೆಲ್ಲಿ ಸವರಿ. ಒಂದೆರಡು ಗಂಟೆ ಬಿಟ್ಟು ಬೆರಳಾಡಿಸಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಲೋಷನ್ ಆರಿ ತೆಳು ಪೊರೆ ಉಳಿದಿರುತ್ತದೆ, ಜೆಲ್ಲಿ ಹಚ್ಚಿದ ಹಾಗೇ ಇರುತ್ತದೆ. ಚರ್ಮದ ಮೇಲೂ ಇದೇ ನಡೆಯುವುದು. ಜೆಲ್ಲಿ ನೀರು ಕೊಡುವುದಿಲ್ಲ, ಇರುವ ನೀರು ಹೋಗದಂತೆ ಮುಚ್ಚಳ ಹಾಕುತ್ತದೆ. ಸಾಮಾನ್ಯವಾಗಿ ಸಿಗುವ ಯಾವ ಎಣ್ಣೆಯೂ ಅಷ್ಟು ಬಿಗಿಯಾಗಿ ಮುಚ್ಚುವುದಿಲ್ಲ.

ಇನ್ನೊಂದು ಕಾರಣವೂ ಇದೆ. ನೀರಿದ್ದ ಕಡೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಹಾಗಾಗಿ ಲೋಷನ್ನಿಗೆ ಕೆಡದಂತೆ ಕಾಯುವ ರಾಸಾಯನಿಕ ಬೇಕು, ನೀರು-ಎಣ್ಣೆ ಬೆರೆಸುವ ಪದಾರ್ಥವೂ ಬೇಕು. ಬಿರುಕು ಬಿಟ್ಟ ಚರ್ಮದಲ್ಲಿ ಉರಿ ತರುವುದು ಹೆಚ್ಚಾಗಿ ಇವೇ. ಅಪ್ಪಟ ಮುಲಾಮಿನಲ್ಲಿ ನೀರಿಲ್ಲ, ಆದ್ದರಿಂದ ಇವು ಬೇಕಾಗುವುದೂ ಇಲ್ಲ.

ಅಂಗಡಿಯಲ್ಲಿ ಏನು ನೋಡಬೇಕು

ಮೆಡಿಕಲ್ ಶಾಪಿನಲ್ಲಿ 'ವೈಟ್ ಪೆಟ್ರೋಲಿಯಂ ಜೆಲ್ಲಿ ಐಪಿ' ಎಂದು ಕೇಳಿ. ಇದು ಔಷಧಿ ದರ್ಜೆಯದು, ಬೆಲೆಯೂ ಹಗುರ. ಗಟ್ಟಿ ಅನ್ನಿಸಿದರೆ ಬಿಳಿ ಮೃದು ಪ್ಯಾರಾಫಿನ್ ಮತ್ತು ಲಿಕ್ವಿಡ್ ಪ್ಯಾರಾಫಿನ್ ಸೇರಿಸಿದ ಮುಲಾಮು ಸುಲಭವಾಗಿ ಹರಡುತ್ತದೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರ ಓದಿ. ಪರ್ಫ್ಯೂಮ್, ಫ್ರಾಗ್ರೆನ್ಸ್, ಲಿನಲೂಲ್, ಲಿಮೋನೀನ್ ಎಂದಿದ್ದರೆ ವಾಪಸ್ ಇಡಿ. ಒಂದು ಮೋಸ ಹೋಗುವ ಜಾಗವಿದೆ: 'ಅನ್‌ಸೆಂಟೆಡ್' ಅಂದರೆ ವಾಸನೆ ಬರುವುದಿಲ್ಲ ಅಂತ ಅಷ್ಟೇ. ಬೇರೆ ವಾಸನೆ ಮುಚ್ಚಲು ಅದರೊಳಗೇ ಸುಗಂಧ ಹಾಕಿರಬಹುದು. ನಮಗೆ ಬೇಕಾದ್ದು 'ಫ್ರಾಗ್ರೆನ್ಸ್ ಫ್ರೀ'. ಶ್ರೀಗಂಧ, ಲ್ಯಾವೆಂಡರ್, ನಿಂಬೆ ಎಣ್ಣೆ ಗಿಡದಿಂದ ಬಂದವಾದರೂ ಸುಗಂಧವೇ, ಅಲರ್ಜಿಗೆ ಅವೂ ಕಾರಣವಾಗುತ್ತವೆ. ಕೋಕೋ, ಅಲೋವೆರಾ ಪರಿಮಳದ ಜೆಲ್ಲಿಯೂ ಬೇಡ.

ಅಜ್ಜಿಯರು "ಕೊಬ್ಬರಿ ಎಣ್ಣೆ ಸಾಕಲ್ವಾ?" ಎನ್ನುತ್ತಾರೆ. ಪರಿಮಳ ಸೇರಿಸದ ಕೊಬ್ಬರಿ ಎಣ್ಣೆ ಹಲವರಿಗೆ ಒಗ್ಗುತ್ತದೆ, ಆದರೆ ಜೆಲ್ಲಿಯಷ್ಟು ಹೊತ್ತು ನಿಲ್ಲುವುದಿಲ್ಲ. ಆಲಿವ್ ಎಣ್ಣೆ ಮಾತ್ರ ಬೇಡ. ಅದು ಚರ್ಮದ ಮೇಲ್ಪದರವನ್ನೇ ಸಡಿಲಗೊಳಿಸುತ್ತದೆ.

ಹಚ್ಚುವ ಕ್ರಮ

ಮುಲಾಮು ನೀರನ್ನು ಹಿಡಿದಿಡುವುದರಿಂದ, ಮೊದಲು ಚರ್ಮದಲ್ಲಿ ನೀರಿರಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷ ಸ್ನಾನ ಮಾಡಿಸಿ. ಸುಡುಸುಡು ನೀರು, ಸೀಗೆಪುಡಿ, ಕಡಲೆಹಿಟ್ಟು ಹಾಕಿ ಉಜ್ಜುವುದು ಬೇಡ. ಹತ್ತಿಯ ಟವೆಲಿನಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ತಿಕ್ಕಬೇಡಿ. ಚರ್ಮ ಸ್ವಲ್ಪ ಹಸಿ ಇರುವಾಗಲೇ, ಎರಡು ಮೂರು ನಿಮಿಷದೊಳಗೆ ಹಚ್ಚಿ.

ಡಬ್ಬಿಗೆ ಬೆರಳು ಹಾಕದೆ ಒಣ ಚಮಚದಿಂದ ತೆಗೆಯಿರಿ, ಕೈಯ ಕೊಳೆ ಒಳಗೆ ಹೋಗದಿರಲಿ. ಅಂಗೈಯಲ್ಲಿ ಬೆಚ್ಚಗೆ ಮಾಡಿ, ಕೂದಲು ಬೆಳೆಯುವ ದಿಕ್ಕಿನಲ್ಲಿ, ಮೇಲಿನಿಂದ ಕೆಳಗೆ ನೀವಿ. ಗಸಗಸ ಉಜ್ಜಿದರೆ ರೋಮದ ಬುಡ ಮುಚ್ಚಿ ಕೀವಿನ ಗುಳ್ಳೆಗಳು ಏಳಬಹುದು. ಹಚ್ಚಿದ ಮೇಲೆ ಚರ್ಮ ಹೊಳೆಯಬೇಕು.

ವೈದ್ಯರು ಸ್ಟೀರಾಯ್ಡ್ ಮುಲಾಮು ಕೊಟ್ಟಿದ್ದರೆ ಎರಡರ ನಡುವೆ ಹದಿನೈದು ಇಪ್ಪತ್ತು ನಿಮಿಷ ಬಿಡಿ. ಸ್ಟೀರಾಯ್ಡ್ ಕೆಂಪಾದ ಜಾಗಕ್ಕೆ ಮಾತ್ರ. ಜೆಲ್ಲಿ ಹಚ್ಚಿದರೆ ಉರಿಯೂತ ಹೋಗುವುದಿಲ್ಲ, ಆ ಕೆಲಸ ಔಷಧಿಯದೇ.

ಎಷ್ಟು ಹಚ್ಚಬೇಕು

ಹೆಚ್ಚಿನ ಮನೆಗಳಲ್ಲಿ ಎಡವುವುದು ಇಲ್ಲೇ. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಅದು ಸುಮಾರು ಅರ್ಧ ಗ್ರಾಂ. ನಾಲ್ಕು ವರ್ಷದ ಮಗುವಿನ ಒಂದು ಕೈಗೆ ಅಂಥ ಎರಡು ಬೇಕು, ಒಂದು ಕಾಲಿಗೆ ಮೂರು, ಎದೆ-ಹೊಟ್ಟೆಗೆ ಮೂರು, ಬೆನ್ನಿಗೆ ಮೂರೂವರೆ, ಮುಖ-ಕತ್ತಿಗೆ ಒಂದೂವರೆ. ಎರಡು ಕೈ, ಎರಡು ಕಾಲು ಲೆಕ್ಕ ಹಾಕಿದರೆ ಒಟ್ಟು ಹದಿನೆಂಟು, ಅಂದರೆ 9 ಗ್ರಾಂ. ದಿನಕ್ಕೆ ಎರಡು ಸಲ ಅಂದರೆ 18 ಗ್ರಾಂ, ವಾರಕ್ಕೆ 126 ಗ್ರಾಂ. ಇದು ಸ್ಟೀರಾಯ್ಡ್ ತೆಳ್ಳಗೆ ಸವರುವ ಅಳತೆ. ಜೆಲ್ಲಿಯಂಥ ಮುಲಾಮು ಇದಕ್ಕಿಂತ ದಪ್ಪಗೆ ಹಚ್ಚಬೇಕು, ಹಾಗಾಗಿ ಇಡೀ ಮೈ ಒಣಗಿದ ಮಗುವಿಗೆ ವಾರಕ್ಕೆ 250 ಗ್ರಾಂವರೆಗೂ ಬೇಕಾಗಬಹುದು. ನಾನು ಮೊದಲು 100 ಗ್ರಾಂ ಡಬ್ಬಿಯನ್ನು ಒಂದೂವರೆ ತಿಂಗಳು ಓಡಿಸಿದ್ದೆ! ಅದು ಉಳಿತಾಯವಲ್ಲ, ಹಚ್ಚಿರಲೇ ಇಲ್ಲ ಅಂತ ಅರ್ಥ.

ಎಚ್ಚರ ಬೇಕಾದಲ್ಲಿ

ಪೆಟ್ರೋಲಿಯಂ ಜೆಲ್ಲಿ, ಪ್ಯಾರಾಫಿನ್ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಒಗೆದರೂ ಪೂರ್ತಿ ಹೋಗುವುದಿಲ್ಲ. ಮುಲಾಮು ಹಚ್ಚಿದ ಮಗು ದೇವರ ದೀಪ, ಗ್ಯಾಸ್ ಒಲೆ, ಪಟಾಕಿ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಹಾಸಿಗೆಯ ಹೊದಿಕೆ ಆಗಾಗ ಬದಲಿಸಿ.

ಚರ್ಮ ಒಸರಿ ಹಳದಿ ಹೊಪ್ಪಳೆ ಕಟ್ಟಿದರೆ ಅದು ಸೋಂಕಾಗಿರಬಹುದು, ವೈದ್ಯರಿಗೆ ತೋರಿಸಿ. ಒಂದೇ ಥರದ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಎದ್ದು, ನೋವು, ಜ್ವರ ಬಂದರೆ ಅದು ಹರ್ಪಿಸ್ ವೈರಸ್ ಆಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಎಲ್ಲರಿಗೂ ಮುಲಾಮೇನಾ?

ಅಲ್ಲ. ಇಂಗ್ಲೆಂಡಿನಲ್ಲಿ 550 ಮಕ್ಕಳ ಮೇಲೆ ಲೋಷನ್, ಕ್ರೀಮ್, ಜೆಲ್, ಮುಲಾಮು ನಾಲ್ಕನ್ನೂ ಹೋಲಿಸಿದರು. 2022ರಲ್ಲಿ ಫಲಿತಾಂಶ ಬಂತು. ಹದಿನಾರು ವಾರಗಳಲ್ಲಿ ಇಸುಬಿನ ತೀವ್ರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೀರು ಹಿಡಿದಿಡುವುದರಲ್ಲಿ ಮುಲಾಮು ಮುಂದಿದ್ದರೂ, ಜಿಡ್ಡೆಂದು ಮಗು ಹಚ್ಚಿಸಿಕೊಳ್ಳದಿದ್ದರೆ ಆ ಗುಣ ಡಬ್ಬಿಯಲ್ಲೇ ಉಳಿಯುತ್ತದೆ. ಬಿರುಕು ಬಿಟ್ಟ, ತುಂಬ ಒಣಗಿದ, ಉರಿಯುವ ಚರ್ಮಕ್ಕೆ ನಾನಂತೂ ಮೊದಲು ಮುಲಾಮನ್ನೇ ಹಿಡಿಯುತ್ತೇನೆ. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಅದೇ ದಪ್ಪ ಪದರ ಬೆವರು ಹಿಡಿದು ಬೆವರುಸಾಲೆ ತರುತ್ತದೆ. ಅಲ್ಲಿ ಸುಗಂಧವಿಲ್ಲದ ಕ್ರೀಮೇ ಸರಿ. ಬೆಂಗಳೂರಿನ ನಮ್ಮ ಮನೆಯಲ್ಲಿ ಈಗ ಎರಡೂ ಇವೆ. ಬೆಳಗ್ಗೆ ಸ್ಕೂಲ್ ಯೂನಿಫಾರ್ಮ್ ಹಾಕುವ ಮೊದಲು ಕ್ರೀಮ್. ರಾತ್ರಿ ಸ್ನಾನವಾದ ಮೇಲೆ ಜೆಲ್ಲಿ, ಅದರ ಮೇಲೊಂದು ಹಳೆಯ ಹತ್ತಿ ಪೈಜಾಮ. ಮೊಣಕಾಲಿನ ಹಿಂದಕ್ಕೆ ಅವಳೇ ಹಚ್ಚಿಕೊಳ್ಳುತ್ತಾಳೆ, ಚಮಚ ಮಾತ್ರ ನನ್ನ ಕೈಲಿ.