ಪಕ್ಕದ ಟೇಬಲ್ಲಿನ ಕಷ್ಟಕ್ಕೆ ಕಾಲು ಗಂಟೆ

ಕೋಲಾರದ ಒಂದು ಪತ್ತಿನ ಸಹಕಾರ ಸಂಘದಲ್ಲಿ ನಾನು ಲೆಕ್ಕ ಬರೆಯುವವಳು. ನನ್ನ ಟೇಬಲ್ಲಿಗೆ ತಾಗಿಕೊಂಡೇ ಕ್ಯಾಶ್ ಕೌಂಟರ್ ಇದೆ. ಅಲ್ಲಿ ಕೂರುವವರು ವಯಸ್ಸಿನಲ್ಲೂ ಸರ್ವಿಸಿನಲ್ಲೂ ನನಗಿಂತ ಹಿರಿಯರು, ನಾನು ಅಕ್ಕ ಅಂತಲೇ ಕರೆಯೋದು. ಅವರ ಕಷ್ಟಗಳು ನಿಜವಾದವು. ಗಂಡ ಕುಡಿಯುತ್ತಾರೆ, ಮೈದುನ ಜಮೀನಿನ ಪಾಲು ಕೊಡುತ್ತಿಲ್ಲ, ಮಗ ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಮನೆಯಲ್ಲಿದ್ದಾನೆ. ಇದನ್ನೆಲ್ಲ ಅವರು ದಿನಾ ಹೇಳುತ್ತಿದ್ದರು. ಬೆಳಿಗ್ಗೆ ಬೀಗ ತೆಗೆದು ಕ್ಯಾಶ್ ಎಣಿಸಿಟ್ಟ ತಕ್ಷಣ ಶುರು. ಮಧ್ಯಾಹ್ನ ಜನ ಕಡಿಮೆಯಾದಾಗ ಇನ್ನೊಮ್ಮೆ, ಸಂಜೆ ಕ್ಯಾಶ್ ಮುಚ್ಚುವಾಗ ಮತ್ತೊಮ್ಮೆ. ದುಃಖ ಹೆಚ್ಚಾದರೆ ಮಾತು ಕನ್ನಡದಿಂದ ತೆಲುಗಿಗೆ ಹೊರಳುತ್ತಿತ್ತು. ಆಗ ಇನ್ನು ಅರ್ಧ ಗಂಟೆ ಬಿಡುವುದಿಲ್ಲ ಅಂತ ನನಗೆ ಗೊತ್ತಾಗುತ್ತಿತ್ತು.

ಈ ಹೊತ್ತುಗಳೇ ನನ್ನ ಕೆಲಸಕ್ಕೆ ಬಲು ಮುಖ್ಯ. ಸಂಜೆ ಪಿಗ್ಮಿ ಏಜೆಂಟರು ಹಣ ತಂದು ಕಟ್ಟಿದ ಮೇಲೆ ದಿನವಹಿ ಪುಸ್ತಕ ಕೂಡಿಸಿ ಕ್ಯಾಶಿಗೆ ತಾಳೆ ನೋಡಬೇಕು. ಒಂದು ಸಂಜೆ 900 ರೂಪಾಯಿ ವ್ಯತ್ಯಾಸ ಬಂತು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲು ಬದಲಾಗಿರಬಹುದು ಅಂತ ಲೆಕ್ಕ ಬರೆಯುವವರು ಮೊದಲು ಅನುಮಾನಿಸುತ್ತಾರೆ. ಹುಡುಕಿದಾಗ ಸಿಕ್ಕಿತು: ವೋಚರಿನಲ್ಲಿ 5,460 ಇದ್ದದ್ದು ಪುಸ್ತಕಕ್ಕೆ 4,560 ಆಗಿ ಇಳಿದಿತ್ತು. ಆ ಸಾಲು ಬರೆಯುವಾಗ ಅಕ್ಕ ಹಿಂದಿನ ರಾತ್ರಿಯ ಜಗಳ ಹೇಳುತ್ತಿದ್ದರು. ಇಬ್ಬರೂ ಕೊನೆಯ ಬಸ್ಸಿನ ಹೊತ್ತಿಗೆ ಹೊರಟೆವು. ಮನೆಗೆ ಹೋದ ಮೇಲೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅವರ ಮೈದುನನ ಮಾತುಗಳೇ. ನನ್ನ ಮಗಳು ಏನೋ ಕೇಳುತ್ತಿದ್ದಾಳೆ, ನಾನು ಮನಸ್ಸಿನಲ್ಲೇ ಆ ಮೈದುನನಿಗೆ ಉತ್ತರ ಕೊಡುತ್ತಿದ್ದೇನೆ.

ಮೊದಲು ನಾನು ಅಕ್ಕನನ್ನು ಬಿಟ್ಟು ಮಾತಿನ ದಾರಿಯನ್ನು ಗಮನಿಸಿದೆ. ಅದು ಯಾವಾಗ ಉದ್ದವಾಗುತ್ತದೆ, ಯಾವಾಗ ತಾನಾಗಿ ನಿಲ್ಲುತ್ತದೆ ಅಂತ. ಎರಡು ಸಂಗತಿ ಸ್ಪಷ್ಟವಾಯಿತು. ನಾನು "ಆಮೇಲೆ?" ಅಂದರೆ ಕಥೆ ಇನ್ನೊಂದು ಸುತ್ತು ಹೋಗುತ್ತಿತ್ತು. "ಹೀಗೆ ಮಾಡಿ ನೋಡಿ" ಅಂತ ಸಲಹೆ ಕೊಟ್ಟರೆ ಇನ್ನೂ ಉದ್ದವಾಗುತ್ತಿತ್ತು, ಯಾಕೆಂದರೆ ಪ್ರತಿ ಸಲಹೆಗೂ "ಅದೆಲ್ಲ ಸರಿ ಕಣಮ್ಮ, ಆದ್ರೆ ನಮ್ಮನೇಲಿ ನಡೆಯಲ್ಲ" ಅನ್ನುವ ಉತ್ತರವಿತ್ತು. ಆ ಉತ್ತರ ವಿವರಿಸಲು ಮತ್ತೊಂದು ಹಳೆಯ ಜಗಳ ಹೊರಬರುತ್ತಿತ್ತು. ಅವರಿಗೆ ನನ್ನಿಂದ ಸಲಹೆ ಬೇಕಿರಲಿಲ್ಲ.

ನನ್ನ ಚಿಕ್ಕಮ್ಮನ ಮಗಳು ಆಪ್ತಸಮಾಲೋಚಕಿ. ಅವಳು ಹೇಳಿದ ಒಂದು ಸಂಗತಿ ನನಗೆ ಬಹಳ ಉಪಯೋಗಕ್ಕೆ ಬಂತು. ಅಮೆರಿಕದ ಮನಃಶಾಸ್ತ್ರಜ್ಞೆ ಅಮಾಂಡಾ ರೋಸ್ 2002ರಲ್ಲಿ ಶಾಲಾ ಮಕ್ಕಳ ಸ್ನೇಹದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಇಬ್ಬರು ಗೆಳತಿಯರು ಒಂದೇ ಸಮಸ್ಯೆಯನ್ನು ಮತ್ತೆ ಮತ್ತೆ ಕೆದಕಿ ಮಾತಾಡುತ್ತಿದ್ದರೆ ಸ್ನೇಹವೇನೋ ಗಾಢವಾಗಿರುತ್ತದೆ, ಆದರೆ ಅದರ ಜೊತೆಗೇ ಖಿನ್ನತೆ, ಆತಂಕವೂ ಹೆಚ್ಚಾಗಿ ಕಾಣುತ್ತದೆ ಅಂತ ಅದರಲ್ಲಿತ್ತು. ಅದು ಮಕ್ಕಳ ವಿಷಯ, ನಿಜ. ಆದರೂ ನಮ್ಮಿಬ್ಬರ ನಡುವೆ ನಡೆಯುತ್ತಿದ್ದದ್ದು ಅದೇ ಅನ್ನಿಸಿತು. ನಾನು ಕೇಳಿದಷ್ಟೂ ಅಕ್ಕನ ಭಾರ ಇಳಿಯುತ್ತದೆ ಅನ್ನುವ ನಂಬಿಕೆ ಅಲ್ಲಿಗೆ ಹೋಯಿತು.

ಹೇಳಬೇಕು ಅಂತ ನಿಶ್ಚಯಿಸಿದ ಮೇಲೆ ಹೊತ್ತು ಹುಡುಕುವುದೇ ಕಷ್ಟವಾಯಿತು. ಅವರು ಅಳುವಾಗ ಹೇಳಿದರೆ ಕೈಬಿಟ್ಟಂತೆ, ನನಗೆ ಸಿಟ್ಟು ಬಂದಾಗ ಹೇಳಿದರೆ ಬೈದಂತೆ. ಹಾಗಾಗಿ ಇಬ್ಬರೂ ನೆಮ್ಮದಿಯಾಗಿದ್ದ ಒಂದು ದಿನ, ಟೀ ಕುಡಿಯಲು ಆಚೆ ಹೋದಾಗ ಹೇಳಿದೆ: "ಅಕ್ಕಾ, ನಿಮ್ಮ ಕಷ್ಟ ಕೇಳಬೇಕು ಅಂತ ನನಗೂ ಇದೆ. ಆದ್ರೆ ಕ್ಯಾಶ್ ಹೊತ್ತಲ್ಲಿ ಕೇಳಿದ್ರೆ ಲೆಕ್ಕಾನೂ ಕೆಡುತ್ತೆ, ನಿಮ್ಮ ಮಾತೂ ಅರ್ಧಂಬರ್ಧ ಕಿವಿಗೆ ಬೀಳುತ್ತೆ. ಊಟ ಆದ್ಮೇಲೆ ಕಾಲು ಗಂಟೆ ನಿಮ್ಮ ಜೊತೆ ಕೂತ್ಕೊತೀನಿ. ಮಿಕ್ಕ ಹೊತ್ತಲ್ಲಿ ಮನೆ ವಿಷ್ಯ ಬೇಡ."

"ಈ ವಾರ ಕೆಲಸ ಜಾಸ್ತಿ ಇದೆ ಅಕ್ಕ" ಅಂತ ನೆಪ ಹೇಳುವುದು ಸುಲಭವಿತ್ತು. ಬೇಕೆಂದೇ ಹೇಳಲಿಲ್ಲ. ಕೆಲಸ ಕಡಿಮೆಯಾದ ದಿನ ಆ ನೆಪ ಮುಗಿಯುತ್ತದೆ, ಆಗ ಇನ್ನೊಂದು ಹುಡುಕಬೇಕು. ಎಷ್ಟು ಹೊತ್ತು, ಯಾವಾಗ ಅನ್ನುವುದನ್ನು ನೇರವಾಗಿ ಹೇಳಿದರೆ ಅದು ಮಾರ್ಚಿಗೂ ನಡೆಯುತ್ತದೆ, ಖಾಲಿ ಕೂತ ದಿನಕ್ಕೂ ನಡೆಯುತ್ತದೆ.

ಅವರಿಗೆ ನೋವಾಯಿತು. ಕೆಲವು ದಿನ ನನ್ನೊಂದಿಗೆ ಲೆಕ್ಕದ ಮಾತು ಬಿಟ್ಟು ಬೇರೆ ಮಾತಿಲ್ಲ. ಬಂಗಾರದ ಸಾಲದ ಸೆಕ್ಷನ್ನಿನ ಹುಡುಗಿಯ ಹತ್ತಿರ ಹೋಗಿ ಕೂರುತ್ತಿದ್ದರು. ಈ ಮೌನ ಸಹಿಸದೆ ಕರೆದು ಸಮಾಧಾನ ಮಾಡಿದ್ದರೆ ಎಲ್ಲವೂ ಮೊದಲಿಗೇ ಬರುತ್ತಿತ್ತು. ನಾನು ಕರೆಯಲಿಲ್ಲ, ಆದರೆ ದೂರವೂ ಆಗಲಿಲ್ಲ. ಅವರಿಗೆ ಗೊತ್ತಿರುವ ಕೆಲಸದ ಬಗ್ಗೆ ಕೇಳತೊಡಗಿದೆ. ಹರಿದ ನೋಟು, ನಕಲಿ ನೋಟು ಅವರ ಬೆರಳಿಗೆ ಸಿಕ್ಕಿಬೀಳುವಷ್ಟು ಬೇಗ ನಮ್ಮಲ್ಲಿ ಯಾರಿಗೂ ಸಿಗುವುದಿಲ್ಲ. ನೋಟನ್ನು ಬೆಳಕಿಗೆ ಹಿಡಿದು ನೀರುಗುರುತು ತೋರಿಸಿ, ಬದಿಯ ಉಬ್ಬುಗೆರೆಗಳ ಮೇಲೆ ನನ್ನ ಹೆಬ್ಬೆರಳು ಇಟ್ಟು "ಇಲ್ಲಿ ಮುಟ್ಟಿ ನೋಡು" ಅಂತ ಅವರು ಕಲಿಸಿದ ಮಧ್ಯಾಹ್ನ ನಮ್ಮ ನಡುವಿನ ಬಿಗಿ ಸಡಿಲವಾಯಿತು. ಎಷ್ಟೋ ತಿಂಗಳಿಂದ ಆಫೀಸಿನಲ್ಲಿ ಅವರಿಗೆ ಕಷ್ಟದ ಮಾತು ಬಿಟ್ಟರೆ ಬೇರೆ ಮಾತೇ ಉಳಿದಿರಲಿಲ್ಲ. ಬರೀ ಗಡಿ ಹಾಕಿ ಅಲ್ಲಿಗೆ ನಿಲ್ಲಿಸಿದ್ದರೆ ಅವರ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ.

ಗಡಿ ಉಳಿಸಿಕೊಳ್ಳುವುದು ಸಣ್ಣ ಸಣ್ಣ ಕೆಲಸ. ಅವರು ಕೌಂಟರಿನಿಂದ ಈ ಕಡೆ ತಿರುಗಿ "ನಿನ್ನೆ ರಾತ್ರಿ ಏನಾಯ್ತು ಗೊತ್ತಾ" ಅಂದರೆ ನಾನು ಪೆನ್ನು ಕೆಳಗಿಡುವುದಿಲ್ಲ, ಎಡಗೈ ಬೆರಳು ಪುಸ್ತಕದ ಸಾಲಿನ ಮೇಲೇ ಇರುತ್ತದೆ, ಮುಖ ಮಾತ್ರ ಎತ್ತಿ "ಊಟ ಆದ್ಮೇಲೆ ಅಕ್ಕ" ಅನ್ನುತ್ತೇನೆ. ಪ್ರತಿ ಸಲ ಅದೇ ಮಾತು, ಅದೇ ದನಿ. ದಿನಕ್ಕೊಂದು ಕಾರಣ ಹೇಳಿದರೆ ಕಾರಣದ ಮೇಲೆ ಚರ್ಚೆ ನಡೆಯುತ್ತದೆ. ಊಟದ ನಂತರ ಮಾತ್ರ ಕೊಟ್ಟ ಮಾತು ತಪ್ಪುವಂತಿಲ್ಲ. ಫೋನು ಒಳಗಿಟ್ಟು ಪೂರ್ತಿ ಕಾಲು ಗಂಟೆ ಕೂರುತ್ತೇನೆ. ಮುಗಿಯಿತು ಅನ್ನುವುದಕ್ಕೆ ಗಡಿಯಾರ ನೋಡುವುದಿಲ್ಲ, ಎದ್ದು ಇಬ್ಬರ ಡಬ್ಬಿಯನ್ನೂ ತೊಳೆಯಲು ತೆಗೆದುಕೊಂಡು ಹೋಗುತ್ತೇನೆ.

ಆ ಕಾಲು ಗಂಟೆಯಲ್ಲಿ "ಆಮೇಲೆ?" ಬದಲು ಇನ್ನೊಂದು ಪ್ರಶ್ನೆ ಇಟ್ಟುಕೊಂಡೆ: "ಇದರಲ್ಲಿ ಈ ವಾರ ನೀವು ಏನು ಮಾಡ್ಬೇಕು ಅಂತಿದ್ದೀರಾ?" ಮೊದಮೊದಲು ಉತ್ತರ ಬರಲಿಲ್ಲ. ಒಂದು ದಿನ ಬಂತು: "ಪಾಲಿನ ವಿಷ್ಯ ಯಾರಾದ್ರೂ ವಕೀಲರ ಹತ್ರ ಕೇಳ್ಬೇಕು, ಆದ್ರೆ ಫೀಸು ಎಲ್ಲಿಂದ ತರೋದು." ಇದಕ್ಕೆ ನನ್ನ ಹತ್ತಿರ ಖಚಿತ ಉತ್ತರವಿತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಅರ್ಜಿ ಕೊಡಬೇಕಾದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಸಹಾಯವಾಣಿ 15100. ಅಕ್ಕ ಪಹಣಿ, ಮ್ಯುಟೇಷನ್ ನಕಲು, ವಂಶವೃಕ್ಷ ಒಂದು ಕವರಿಗೆ ಹಾಕಿಕೊಂಡು ಅರ್ಧ ದಿನ ರಜೆ ಹಾಕಿ ಹೋದರು. ಜಗಳ ಇನ್ನೂ ಬಗೆಹರಿದಿಲ್ಲ, ಅಂಥವು ಬೇಗ ಬಗೆಹರಿಯುವುದೂ ಇಲ್ಲ. ಆದರೆ ಮೈದುನನ ಕಥೆಯನ್ನು ಈಗ ನನಗೆ ಹೇಳುವುದು ಕಡಿಮೆ. ಅದನ್ನು ಕೇಳಲು ಒಬ್ಬ ವಕೀಲರಿದ್ದಾರೆ.

ಗಡಿಯನ್ನು ಪೂರ್ತಿ ಪಕ್ಕಕ್ಕಿಡಬೇಕಾದ ದಿನವೂ ಬಂತು. ಹಳೆಯ ದುಃಖ ಮತ್ತು ಹೊಸ ಅಪಾಯ ಎರಡನ್ನೂ ಬೇರೆ ಮಾಡಿ ನೋಡುವುದು ಇಲ್ಲಿ ಬಹಳ ಮುಖ್ಯ, ಇದರಲ್ಲಿ ನಾನು ರಾಜಿಯಾಗುವುದಿಲ್ಲ. ದಿನಾ ಹೇಳುವ ಮಾತಿಗೆ ಒಂದು ಲಯವಿರುತ್ತದೆ, ಅದೇ ಹೆಸರುಗಳು, ಅದೇ ಸಿಟ್ಟು. ಆ ಬೆಳಿಗ್ಗೆ ಅಕ್ಕ ಏನೂ ಹೇಳಲಿಲ್ಲ. ಬಿಸಿಲಿನಲ್ಲೂ ಸೆರಗು ಹೊದ್ದುಕೊಂಡಿದ್ದರು, ನೋಟು ಎಣಿಸುವಾಗ ಬಲಗೈ ಬಳಸುತ್ತಿರಲಿಲ್ಲ. ಮ್ಯಾನೇಜರಿಗೆ ಹೇಳಿ ಕೌಂಟರಿಗೆ ಬೇರೆಯವರನ್ನು ಕೂರಿಸಿ, ದಾಖಲೆ ಕೋಣೆಗೆ ಕರೆದುಕೊಂಡು ಹೋಗಿ ನೇರವಾಗಿ ಕೇಳಿದೆ: "ಹೊಡೆದ್ರಾ? ಜೀವ ಕಳ್ಕೊಬೇಕು ಅಂತ ಅನ್ನಿಸ್ತಿದೆಯಾ?" ಹೀಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಅನ್ನುವ ಹೆದರಿಕೆ ಹಲವರಿಗಿದೆ. ಹಾಗಾಗುವುದಿಲ್ಲ, ನೇರವಾಗಿ ಕೇಳುವುದೇ ಸರಿ ಅಂತ ಚಿಕ್ಕಮ್ಮನ ಮಗಳು ಮೊದಲೇ ತಿಳಿಸಿದ್ದಳು. ಹೊಡೆದದ್ದು ಹೌದು, ಸಾಯುವ ಯೋಚನೆ ಇಲ್ಲ ಅಂದರು.

ಅವತ್ತು ಕಾಲು ಗಂಟೆಯ ಮಾತೇ ಇಲ್ಲ. 181 ಮಹಿಳಾ ಸಹಾಯವಾಣಿಗೆ ಅವರ ಫೋನಿನಿಂದಲೇ, ನಾನು ಪಕ್ಕದಲ್ಲಿದ್ದಾಗಲೇ ಮಾಡಿಸಿದೆ. ಆಮೇಲೆ ಎಸ್.ಎನ್.ಆರ್. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೈ ತೋರಿಸಿದೆವು. ಪೊಲೀಸ್ ಠಾಣೆ ಬೇಡ ಅಂತ ಅಕ್ಕ ಹಟ ಹಿಡಿದರು. ಠಾಣೆಗೆ ಹೋಗದೆಯೂ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು, ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಆ ಹೊಣೆ ನೋಡುತ್ತಾರೆ ಅಂತ ತಿಳಿಸಿದೆ. ಕೊಡುವುದು ಬಿಡುವುದು ಅವರ ತೀರ್ಮಾನ. ಮನಸ್ಸು ತೀರಾ ಕುಗ್ಗಿದ ರಾತ್ರಿಗೆ ಅಂತ ಟೆಲಿ ಮನಸ್ ಸಹಾಯವಾಣಿ 14416 ಅನ್ನು ಅವರ ಫೋನಿನಲ್ಲಿ ಉಳಿಸಿಕೊಟ್ಟೆ. ಇದು 2022ರಲ್ಲಿ ಶುರುವಾದದ್ದು, ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇಷ್ಟೆಲ್ಲ ಆದ ಮೇಲೆ ಮರುವಾರದಿಂದ ಮತ್ತೆ ಊಟದ ನಂತರದ ಹೊತ್ತಿಗೇ ಮರಳಿದೆವು. ಹಾಗೆ ಮರಳುವುದು ನನಗೆ ಕಠಿಣವಾಗಿ ಕಂಡಿತು, ಆದರೂ ಮರಳಿದೆ.

ಒಂದು ತೊಡಕು ಇನ್ನೂ ಪೂರ್ತಿ ಬಿಟ್ಟಿಲ್ಲ. ಕೋಲಾರ ದೊಡ್ಡ ಊರೇನಲ್ಲ, ಅಕ್ಕನ ನಾದಿನಿ ನಮ್ಮ ಬೀದಿಯವರೇ. ತರಕಾರಿ ಅಂಗಡಿಯಲ್ಲಿ ಸಿಕ್ಕರೆ "ನಮ್ಮತ್ತಿಗೆ ಆಫೀಸಲ್ಲಿ ಏನಂತಾರೆ?" ಅಂತ ಕೆದಕುತ್ತಾರೆ. "ಆಫೀಸಲ್ಲಿ ಲೆಕ್ಕ ಬಿಟ್ಟು ಬೇರೇನಿರುತ್ತೆ" ಅಂತಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಅಕ್ಕ ಹೇಳಿದ್ದು ನನ್ನಿಂದ ಆಚೆ ಹೋದರೆ ನಾನು ಕೊಟ್ಟ ಕಾಲು ಗಂಟೆಗೆ ಬೆಲೆಯೇ ಇರುವುದಿಲ್ಲ.

ಇನ್ನು ರಾತ್ರಿಯ ವಾಟ್ಸಾಪ್ ವಾಯ್ಸ್ ಮೆಸೇಜುಗಳು. ಕೆಲವು ಏಳೆಂಟು ನಿಮಿಷದವು. ಅವನ್ನು ರಾತ್ರಿ ತೆರೆಯುವುದಿಲ್ಲ ಅಂತ ಅವರಿಗೆ ಮೊದಲೇ ಹೇಳಿದ್ದೇನೆ, ಅಪಾಯ ಅನ್ನಿಸಿದರೆ ಮೆಸೇಜ್ ಬೇಡ, ನೇರ ಕಾಲ್ ಮಾಡಿ ಅಂತಲೂ ಹೇಳಿದ್ದೇನೆ. ಬೆಳಿಗ್ಗೆ ಎದ್ದು "ಊಟ ಆದ್ಮೇಲೆ ಕೂತು ಕೇಳ್ತೀನಿ ಅಕ್ಕ" ಅಂತ ಒಂದು ಸಾಲು ಬರೆದು ಕಳಿಸುತ್ತೇನೆ.