ಒಂದೇ ಟೇಬಲ್, ಮೂರು ಸ್ಲೈಡ್: ಬರ್ಕ್ಲಿ ಅಂಕಿಗಳನ್ನು ತರಗತಿಗೆ ಇಳಿಸಿದ ಬಗೆ

ಒಟ್ಟು ಲೆಕ್ಕದಲ್ಲಿ ಕಾಣುವ ಅಂತರ ಬಿಡಿ ಗುಂಪುಗಳಲ್ಲಿ ಮಾಯವಾಗುವ ಅಥವಾ ತಿರುಗಿಬೀಳುವ ಸಿಂಪ್ಸನ್ಸ್ ಪ್ಯಾರಡಾಕ್ಸ್ ಕಲಿಸಲು ಬರ್ಕ್ಲಿ ಪ್ರವೇಶದ ಅಂಕಿಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1973ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನಲ್ಲಿ ಸ್ನಾತಕೋತ್ತರ ಓದಿಗೆ ಅರ್ಜಿ ಹಾಕಿದವರ ಲೆಕ್ಕ ಅದು. ಆರು ದೊಡ್ಡ ವಿಭಾಗಗಳನ್ನು ಒಟ್ಟು ಸೇರಿಸಿದರೆ ಗಂಡಸರಲ್ಲಿ ಶೇ. 45, ಹೆಂಗಸರಲ್ಲಿ ಶೇ. 30 ಮಂದಿಗೆ ಸೀಟು ಸಿಕ್ಕಿದೆ. ಒಂದೊಂದೇ ವಿಭಾಗ ಬಿಡಿಸಿ ನೋಡಿದರೆ ಆ ಅಂತರ ಹೆಚ್ಚುಕಡಿಮೆ ಮಾಯ!

ಆದರೆ ನಮ್ಮಲ್ಲಿದ್ದ ಹಳೇ ಸ್ಲೈಡ್‌ನಲ್ಲಿ ಇದು ಕಾಣುತ್ತಲೇ ಇರಲಿಲ್ಲ. ಪ್ರತಿ ವಿಭಾಗಕ್ಕೆ ಎರಡು ಸಾಲು, ಒಂದರ ಕೆಳಗೆ ಒಂದು. ಅರ್ಜಿ, ಸೀಟು ಸಿಕ್ಕಿದ್ದು, ಸಿಗದ್ದು, ಶೇಕಡಾ ಅಂತ ನಾಲ್ಕು ಕಾಲಂ. ಒಟ್ಟು ಮೊತ್ತವೂ ಸೇರಿ ಐವತ್ತಾರು ಅಂಕಿ, ಅದರಲ್ಲೂ 62.06 ಅನ್ನುವ ಥರದವು. ಮಡಿಕೇರಿಯ ಜುಲೈ ಮಳೆ ಶೀಟಿನ ಮೇಲೆ ಬೀಳುವಾಗ ಹಿಂದಿನ ಬೆಂಚಿಗೆ ನನ್ನ ಮಾತು ಕೇಳುವುದಿಲ್ಲ. ಅಲ್ಲಿ ಕೂತವರಿಗೆ ಸ್ಲೈಡೇ ಪಾಠ ಹೇಳಬೇಕು.

ಮೊದಲು ಕಂಪ್ಯೂಟರ್ ಮುಚ್ಚಿಟ್ಟು, ಪ್ರತಿ ಸ್ಲೈಡಿಗೆ ಒಂದು ಪೂರ್ತಿ ವಾಕ್ಯ ಬರೆದುಕೊಂಡೆ. ಒಂದನೆಯದು: ಒಟ್ಟಾರೆ ಗಂಡಸರಿಗೆ ಜಾಸ್ತಿ ಸೀಟು. ಎರಡನೆಯದು: ಆರರಲ್ಲಿ ನಾಲ್ಕು ವಿಭಾಗಗಳಲ್ಲಿ ಹೆಂಗಸರ ಶೇಕಡಾವೇ ಜಾಸ್ತಿ. ಮೂರನೆಯದು: ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದು ಸೀಟು ಸಿಗುವುದು ಕಷ್ಟವಿದ್ದ ವಿಭಾಗಗಳಿಗೆ. "ಬರ್ಕ್ಲಿ ಪ್ರವೇಶ, 1973" ಅನ್ನುವ ಶೀರ್ಷಿಕೆ ತೆಗೆದು, ಈ ವಾಕ್ಯಗಳನ್ನೇ ಮೇಲೆ ಹಾಕಿದೆ.

ಆಮೇಲೆ ಕಳೆಯುವ ಕೆಲಸ. ಸೀಟು ಸಿಗದವರ ಕಾಲಂ ಬೇಡ, ಅದು ಉಳಿದ ಅಂಕಿಗಳಿಂದಲೇ ಬರುತ್ತದೆ. ದಶಮಾಂಶ ಬೇಡ. ಮುಖ್ಯವಾಗಿ, ಹೋಲಿಸಬೇಕಾದ ಎರಡು ಅಂಕಿಗಳನ್ನು ಒಂದೇ ಸಾಲಿನಲ್ಲಿ ಪಕ್ಕಪಕ್ಕ ತಂದೆ:

| ವಿಭಾಗ | ಗಂಡಸರು, ಶೇ. | ಹೆಂಗಸರು, ಶೇ. | ಗಂಡಸರ ಅರ್ಜಿ | ಹೆಂಗಸರ ಅರ್ಜಿ |
|---|---:|---:|---:|---:|
| ಎ | 62 | 82 | 825 | 108 |
| ಬಿ | 63 | 68 | 560 | 25 |
| ಸಿ | 37 | 34 | 325 | 593 |
| ಡಿ | 33 | 35 | 417 | 375 |
| ಇ | 28 | 24 | 191 | 393 |
| ಎಫ್ | 6 | 7 | 373 | 341 |

ಅಂಕಿಗಳನ್ನು ಬಲಕ್ಕೆ ಒತ್ತರಿಸಿದರೆ ಹತ್ತರ ಕೆಳಗೆ ಹತ್ತು, ಬಿಡಿಯ ಕೆಳಗೆ ಬಿಡಿ ಬಂದು ಕೂರುತ್ತದೆ. ನಡುವಿಗೆ ಹಾಕಿದರೆ 6 ಮತ್ತು 62 ಒಂದೇ ತೂಕದ ಹಾಗೆ ಕಾಣುತ್ತವೆ. ಚೌಕಟ್ಟಿನ ಗೆರೆಗಳನ್ನೆಲ್ಲ ಅಳಿಸಿ, ತಲೆಸಾಲಿನ ಕೆಳಗೆ ಒಂದೇ ತೆಳು ಗೆರೆ ಉಳಿಸಿದೆ.

ಬಣ್ಣದ ವಿಷಯಕ್ಕೆ ನಾನು ಜಾಸ್ತಿ ಹೊತ್ತು ಕೂತೆ. ಹೆಂಗಸರು ಮುಂದಿರುವ ನಾಲ್ಕು ಮನೆಗೂ ಒಂದೇ ಕಿತ್ತಳೆ ತುಂಬಿಸುವುದು ಸುಲಭ. ಆದರೆ ಎ ವಿಭಾಗದಲ್ಲಿ ಅಂತರ ಇಪ್ಪತ್ತು, ಎಫ್‌ನಲ್ಲಿ ಬರೀ ಒಂದು. ಎರಡಕ್ಕೂ ಒಂದೇ ಬಣ್ಣ ಕೊಟ್ಟರೆ ಎರಡೂ ಸಮ ಅಂತ ಕಣ್ಣು ನಂಬುತ್ತದೆ, ಅಲ್ವಾ? ಹಾಗಾಗಿ ನಾಲ್ಕನ್ನೂ ದಪ್ಪ ಅಕ್ಷರ ಮಾಡಿ, ಬಣ್ಣ ತುಂಬಿಸಿದ್ದು 82ಕ್ಕೆ ಮಾತ್ರ. ಬಿ ವಿಭಾಗದ 68 ಇನ್ನೊಂದು ಬಲೆ. ಅಲ್ಲಿ ಅರ್ಜಿ ಹಾಕಿದ ಹೆಂಗಸರೇ 25, ಸೀಟು ಸಿಕ್ಕಿದ್ದು 17 ಜನರಿಗೆ. ಇಬ್ಬರು ಹೆಚ್ಚುಕಮ್ಮಿಯಾದರೆ ಶೇಕಡಾ ಎಂಟು ಅಲುಗುತ್ತದೆ. ಅದಕ್ಕೇ ಅರ್ಜಿಗಳ ಎರಡು ಕಾಲಂಗಳನ್ನು ತೆಗೆಯದೆ, ಬೂದು ಬಣ್ಣದಲ್ಲಿ ಬಲಬದಿಗೆ ಉಳಿಸಿಕೊಂಡೆ.

ಆ ಬೂದು ಕಾಲಂಗಳೇ ಮೂರನೇ ಸ್ಲೈಡಿನ ಜೀವ. ಎರಡನೆಯದನ್ನು ನಕಲು ಮಾಡಿ, ಒಂದೂ ಅಂಕಿಯನ್ನು ಜಾಗದಿಂದ ಕದಲಿಸದೆ, ಬಣ್ಣ ಮಾತ್ರ ಅದಲು ಬದಲು ಮಾಡಿದೆ. ಶೇಕಡಾ ಬೂದಾಯಿತು, ಎ ಮತ್ತು ಬಿಯ ಅರ್ಜಿಗಳು ಎದ್ದು ಬಂದವು. ಗಂಡಸರ 2691 ಅರ್ಜಿಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಈ ಎರಡೇ ವಿಭಾಗಗಳಿಗೆ. ಹೆಂಗಸರ 1835ರಲ್ಲಿ ಇಲ್ಲಿಗೆ ಬಂದದ್ದು 133, ಅಂದರೆ ಶೇ. 7. ಟೇಬಲ್ ಅಲ್ಲೇ ಇದ್ದು ಬಣ್ಣ ಮಾತ್ರ ಸರಿದದ್ದರಿಂದ, ಹುಡುಗರು ಅದನ್ನು ಮತ್ತೆ ಮೊದಲಿಂದ ಓದಬೇಕಾಗಲಿಲ್ಲ. "ಮೇಡಂ, ಹಾಗಾದ್ರೆ ಒಟ್ಟು ಲೆಕ್ಕ ತಪ್ಪಾ?" ಅಂತ ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಲೆಕ್ಕ ಸರಿಯೇ ಇದೆ, ಅದು ಬೇರೆ ಪ್ರಶ್ನೆಗೆ ಉತ್ತರ ಅಂದೆ. ಅಲ್ಲಿಂದ ಪಾಠ ತಾನಾಗಿ ಮುಂದೆ ಹೋಯಿತು.

ಬಣ್ಣ ಆರಿಸುವಾಗ ಲ್ಯಾಪ್‌ಟಾಪ್ ಪರದೆಯನ್ನು ನಂಬಬೇಡಿ. ತಿಳಿ ಹಳದಿ ನಮ್ಮ ಪ್ರೊಜೆಕ್ಟರ್‌ನಲ್ಲಿ ಬಿಳಿಯೇ ಆಗಿಬಿಡುತ್ತದೆ. ಕೆಂಪು–ಹಸಿರು ಜೋಡಿ ಕೆಲವರ ಕಣ್ಣಿಗೆ ಬೇರೆಬೇರೆಯಾಗಿ ಕಾಣುವುದಿಲ್ಲ. ಬಣ್ಣದ ಜೊತೆ ದಪ್ಪ ಅಕ್ಷರವೂ ಇದ್ದರೆ, ಬಣ್ಣ ಕೈಕೊಟ್ಟರೂ ಗುರುತು ಉಳಿಯುತ್ತದೆ. ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಅಂಕಿಗಳನ್ನು 28 ಪಾಯಿಂಟಿಗೆ ಏರಿಸಿದೆ.

ಹಳೇ ದೊಡ್ಡ ಟೇಬಲ್ ಈಗಲೂ ಇದೆ, ಕಾಗದದ ಮೇಲೆ. ಮುಂದಿನ ತರಗತಿಯಲ್ಲಿ ಈ ಅಂತರ ಬರೀ ಆಕಸ್ಮಿಕವೇ ಅಂತ ನೋಡುವ ಕೈ-ಸ್ಕ್ವೇರ್ ಪರೀಕ್ಷೆ ಮಾಡಲು ಸೀಟು ಸಿಕ್ಕಿದ್ದು, ಸಿಗದ್ದು ಎರಡರ ನಿಜವಾದ ಎಣಿಕೆ ಬೇಕು. ದುಂಡು ಮಾಡಿದ ಶೇಕಡಾದಿಂದ ಅದು ಸರಿಯಾಗಿ ಬರುವುದಿಲ್ಲ. ಅದಕ್ಕೆ ಒಂದೊಂದು ಪ್ರತಿ ಎಲ್ಲರ ಕೈಗೂ ಕೊಡುತ್ತೇನೆ.