ಮೊದಲ ಸಾಲಿನಲ್ಲಿ ಒಂದೇ ಸಂಖ್ಯೆ

ಮೂರು ತಿಂಗಳ ಮುಂದಿನ ಬೇಡಿಕೆ ಎಷ್ಟಿರಬಹುದು ಅಂತ ಅಂದಾಜು ಮಾಡಿ ಖರೀದಿ ವಿಭಾಗದ ಮುಖ್ಯಸ್ಥರಿಗೆ ಕೊಡುವುದು ನನ್ನ ಕೆಲಸ. ಮೊದಮೊದಲು ಐದು ಲೆಕ್ಕ, ಹನ್ನೊಂದು ಊಹೆ, ಬೀಸಣಿಗೆ ಹಾಗೆ ಹರಡಿದ ಗ್ರಾಫ್, ಎಲ್ಲವನ್ನೂ ಒಂದೇ ಪುಟಕ್ಕೆ ತುಂಬುತ್ತಿದ್ದೆ. ಏನನ್ನೂ ಮುಚ್ಚಿಡಬಾರದು ಅನ್ನೋದು ನನ್ನ ಉದ್ದೇಶ. ಒಂದು ಸಲ ಅವರು ಪುಟವನ್ನು ಪಕ್ಕಕ್ಕಿಟ್ಟು, "ಇದೆಲ್ಲ ಸರಿ, ಎಷ್ಟು ಆರ್ಡರ್ ಮಾಡ್ಲಿ ಹೇಳಿ" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾರಾಟದವರು ಗ್ರಾಫಿನ ಮೇಲ್ತುದಿಯ ಸಂಖ್ಯೆಯನ್ನೇ ಹಿಡಿದುಕೊಂಡಿದ್ದರು.

ಈಗ ಪುಟದ ತಲೆಯಲ್ಲಿ ಬರೆಯುವುದು ಇಷ್ಟೇ:

"12,000 ಪೀಸ್. ಹತ್ತರಲ್ಲಿ ಎಂಟು ಸಲ 10,200ರಿಂದ 14,400ರ ಒಳಗೆ. ದೊಡ್ಡ ಗ್ರಾಹಕರ ಒಪ್ಪಂದ ಮುಂದುವರಿಯುತ್ತದೆ ಎಂದು ಇಟ್ಟುಕೊಂಡಿದ್ದೇವೆ. ಅದು ನಿಂತರೆ 9,500."

ಮೊದಲ ಸಂಖ್ಯೆ ದಪ್ಪಕ್ಷರದಲ್ಲಿ, ಉಳಿದದ್ದು ಅದರ ಕೆಳಗೇ ಮಾಮೂಲಿ ಅಕ್ಷರದಲ್ಲಿ. ಗ್ರಾಫ್ ಪುಟದ ಹಿಂಬದಿಗೆ ಹೋಯಿತು.

ಆ ಎಂಟು ಸಲದ ಲೆಕ್ಕ ನನ್ನದೇ ತಪ್ಪುಗಳಿಂದ ಬಂದದ್ದು. ಮೊದಲು ಸಾಫ್ಟ್‌ವೇರ್ ಕೊಟ್ಟ ವ್ಯಾಪ್ತಿಯನ್ನೇ ಹಾಕುತ್ತಿದ್ದೆ. ಹಿಂತಿರುಗಿ ನೋಡಿದರೆ ಹತ್ತರಲ್ಲಿ ಐದು ತಿಂಗಳು ಮಾತ್ರ ನಿಜವಾದ ಬೇಡಿಕೆ ಅದರೊಳಗೆ ಬಿದ್ದಿತ್ತು. ಮಾಡೆಲ್ ತಾನು ಸರಿ ಅಂದುಕೊಂಡೇ ವ್ಯಾಪ್ತಿ ಕೊಡುತ್ತದೆ, ಹಾಗಾಗಿ ಅದು ಕಿರಿದಾಗುತ್ತದೆ. ಆಮೇಲೆ ಹಳೆಯ 30 ಅಂದಾಜುಗಳನ್ನು ತೆಗೆದೆ. ಎಲ್ಲವೂ ಮೂರು ತಿಂಗಳು ಮುಂಚೆ ಕೊಟ್ಟವೇ ಆಗಿರಬೇಕು, ಒಂದು ತಿಂಗಳು ಮುಂಚಿನವು ಸೇರಿದರೆ ನಾವು ನಿಜಕ್ಕಿಂತ ಜಾಣರಾಗಿ ಕಾಣುತ್ತೇವೆ. ಪ್ರತಿ ಸಲದ ನಿಜವಾದ ಬೇಡಿಕೆಯನ್ನು ಅಂದಾಜಿನಿಂದ ಭಾಗಿಸಿ, ಬಂದದ್ದನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಎರಡೂ ತುದಿಯ ಮೂರು ಮೂರು ಬಿಟ್ಟೆ. ಉಳಿದದ್ದು 0.85ರಿಂದ 1.20. ಅದನ್ನು 12,000ಕ್ಕೆ ಗುಣಿಸಿದರೆ ಮೇಲಿನ ಸಾಲು ಬಂತು. ಕೆಳಗೆ 1,800, ಮೇಲೆ 2,400. ಸುಮ್ನೆ "ಹೆಚ್ಚುಕಮ್ಮಿ 2,000" ಅಂತ ಬರೆದಿದ್ದರೆ ಮೇಲಿನ ಕಡೆಯೇ ಜಾಸ್ತಿ ತಪ್ಪುತ್ತದೆ ಅನ್ನೋದು ಕಾಣುತ್ತಿರಲಿಲ್ಲ.

ಒಪ್ಪಂದದ ಮಾತನ್ನು ಬೇರೆಯಾಗಿ ಬರೆದದ್ದಕ್ಕೂ ಕಾರಣವಿದೆ. ಆ 30 ತಿಂಗಳೂ ಒಪ್ಪಂದ ಇತ್ತು, ಹಾಗಾಗಿ ಅದು ನಿಲ್ಲುವ ಅಪಾಯ ವ್ಯಾಪ್ತಿಯೊಳಗೆ ಇಲ್ಲವೇ ಇಲ್ಲ. 9,500 ಹೊರಗೆ ಬೀಳುವುದು ಅದಕ್ಕೇ. ಹನ್ನೊಂದು ಊಹೆಗಳನ್ನೂ ಒಂದೊಂದಾಗಿ ಬದಲಿಸಿ ನೋಡಿದೆ. ಆರ್ಡರನ್ನೇ ಬದಲಿಸುವಂಥದ್ದು ಇದೊಂದೇ ಆಗಿತ್ತು. ಉಳಿದ ಹತ್ತು ಪುಟದ ಹಿಂಬದಿಯಲ್ಲಿವೆ, ಕೇಳಿದವರಿಗೆ ತೋರಿಸುತ್ತೇನೆ.

ಹೊಸ ಪುಟ ನೋಡಿದಾಗ ಮುಖ್ಯಸ್ಥರು ಕೇಳಿದ್ದು ಬೇರೆಯೇ ಪ್ರಶ್ನೆ: "ಒಪ್ಪಂದದ ವಿಷಯ ಯಾವತ್ತು ಗೊತ್ತಾಗುತ್ತೆ?" ಮೂರು ವಾರದಲ್ಲಿ ಅಂದೆ. ಅವರು 9,500ಕ್ಕೆ ಆಗಲೇ ಆರ್ಡರ್ ಕೊಟ್ಟು, ಉಳಿದದ್ದನ್ನು ಮೂರು ವಾರ ತಡೆದರು.